ವಾಪಸಾಗುವ ದೊಡ್ಡ ಲಗತ್ತುಗಳು: ಮಿತಿ ಏರಿಸುವುದೋ, ಲಿಂಕ್ ಪಡೆಯುವುದೋ, ಲಿಂಕ್ ಕೊಡುವುದೋ?

ಕಲಬುರಗಿಯ ನಮ್ಮ ಮುದ್ರಣಾಲಯದಲ್ಲಿ ಪುಟವಿನ್ಯಾಸದ ಜೊತೆಗೆ ಕಚೇರಿಯ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಶಹಾಪುರದ ಸಂಶೋಧಕರೊಬ್ಬರ ಶಾಸನ ಸಂಪುಟ ನಮ್ಮಲ್ಲಿ ಅಚ್ಚಿಗೆ ಬಂದಾಗ, ಶಾಸನಗಳ ಪಡಿಯಚ್ಚುಗಳನ್ನು 600 ಡಿಪಿಐ ಕಪ್ಪುಬಿಳುಪು ಟಿಫ್ ಕಡತಗಳಾಗಿ ಕಳುಹಿಸಲು ಅವರನ್ನು ಕೇಳಿದ್ದೆವು. ಮೂರು ದಿನವಾದರೂ ಒಂದೂ ಬರಲಿಲ್ಲ. ಫೋನ್ ಮಾಡಿದರೆ ಅವರೇ ನೊಂದುಕೊಂಡು, "ಮೂರು ಸಲ ಕಳಿಸೀನ್ರಿ ಸರ, ಮೂರೂ ಸಲ ವಾಪಸ್ ಬಂದದ. ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದರು.

ನಮಗೆ ನಿಜಕ್ಕೂ ಗೊತ್ತಾಗಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಮೇಲ್ ಸರ್ವರ್ ತಾನು ಎಷ್ಟು ದೊಡ್ಡ ಪತ್ರವನ್ನು ಸ್ವೀಕರಿಸುತ್ತದೆ ಎಂಬುದನ್ನು ಸಂಪರ್ಕದ ಆರಂಭದಲ್ಲಿಯೇ `SIZE` ಎಂಬ ಸಾಲಿನಲ್ಲಿ ಹೇಳಿಬಿಡುತ್ತದೆ. ಕಳುಹಿಸುವ ಸರ್ವರ್ ಅದನ್ನು ಓದಿ, ತನ್ನ ಪತ್ರ ಅದಕ್ಕಿಂತ ದೊಡ್ಡದಾಗಿದ್ದರೆ, ವಿಳಾಸವನ್ನೂ ಹೇಳದೆ ಸಂಪರ್ಕ ಕಡಿದುಕೊಂಡು ಕಳುಹಿಸಿದವರಿಗೇ ವಾಪಸಾತಿಯ ಪತ್ರ ಬರೆಯುತ್ತದೆ. ನಮ್ಮ ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಆ ದಿನ ಉಳಿದಿದ್ದ ಗುರುತು ಇಷ್ಟೇ:

```
ehlo=2 starttls=1 quit=1 commands=4
```

ಪತ್ರ ಬಂದಿದ್ದರೆ ಇದರಲ್ಲಿ `mail=1 rcpt=1 data=1` ಎಂದೂ ಇರಬೇಕಿತ್ತು. ಅದಿಲ್ಲದೆ ಬಂದು ಹೋದ ಸಂಪರ್ಕ ಕಂಡರೆ, ಯಾರದ್ದೋ ದೊಡ್ಡ ಲಗತ್ತು ಬಾಗಿಲವರೆಗೆ ಬಂದು ಮರಳಿರಬಹುದೆಂದು ನಾನೀಗ ಅನುಮಾನಿಸುತ್ತೇನೆ. ಖಚಿತಪಡಿಸಿಕೊಳ್ಳಬೇಕಾದರೆ ಕಳುಹಿಸಿದವರಿಗೆ ಬಂದ ವಾಪಸಾತಿಯ ಪತ್ರವನ್ನೇ ತರಿಸಿಕೊಂಡು ಓದಬೇಕು. ಸಂಶೋಧಕರು ಅದರ ಚಿತ್ರವನ್ನು ಮೊಬೈಲ್‌ನಲ್ಲಿ ಕಳುಹಿಸಿದರು. ಅದರಲ್ಲಿ `5.3.4` ಎಂಬ ಸಂಖ್ಯೆಯೂ, ಪತ್ರದ ಗಾತ್ರ 23541902, ನಮ್ಮ ಮಿತಿ 20480000 ಎಂಬ ವಿವರವೂ ಇದ್ದವು. ಈ ಸಂಖ್ಯೆಯನ್ನು ಗಮನಿಸುವುದು ಮುಖ್ಯ, ಏಕೆಂದರೆ `5.2.2` ಎಂದಿದ್ದರೆ ಅದು ಅಂಚೆಪೆಟ್ಟಿಗೆ ತುಂಬಿದ ತೊಂದರೆಯಾಗುತ್ತದೆ. ಆಗ ಹಳೆಯ ಪತ್ರಗಳನ್ನು ಅಳಿಸಿದರೆ ಸಾಕು, ಗಾತ್ರದ ಮಿತಿಯನ್ನು ಮುಟ್ಟಬೇಕಾಗಿಲ್ಲ.

ಅವರ ಗೊಂದಲ ನ್ಯಾಯವಾದದ್ದೇ ಆಗಿತ್ತು. ಕಂಪ್ಯೂಟರ್‌ನಲ್ಲಿ ಆ ಕಡತದ ಗಾತ್ರ 16.4 ಎಂಬಿ ಎಂದು ಕಾಣುತ್ತಿತ್ತು, ನಾವು ಅವರಿಗೆ ಹೇಳಿದ್ದ ಮಿತಿ 20 ಎಂಬಿ. ಆದರೆ ಮೇಲ್‌ನಲ್ಲಿ ಲಗತ್ತು ಇದ್ದಂತೆಯೇ ಪ್ರಯಾಣ ಮಾಡುವುದಿಲ್ಲ. ಬೇಸ್64 ಎಂಬ ಕ್ರಮದಲ್ಲಿ ಅದನ್ನು ಅಕ್ಷರಗಳಾಗಿ ಬದಲಿಸಲಾಗುತ್ತದೆ, ಮೂಲದ ಪ್ರತಿ 57 ಬೈಟ್ ಒಂದು ಸಾಲಾಗಿ, ಸಾಲಿನ ಅಂತ್ಯದ ಗುರುತುಗಳೂ ಸೇರಿ 78 ಬೈಟ್ ಆಗುತ್ತದೆ. ಹೀಗಾಗಿ 1,72,01,316 ಬೈಟ್‌ಗಳ ಆ ಕಡತ ದಾರಿಯಲ್ಲಿ 2,35,38,644 ಬೈಟ್ ಆಗಿ, ಅದಕ್ಕೆ ಪತ್ರದ ತಲೆಬರಹ ಮತ್ತು ಒಕ್ಕಣೆ ಸೇರಿತ್ತು. ಲೆಕ್ಕವನ್ನು ತಿರುಗಿಸಿ ನೋಡಿದರೆ ನಮ್ಮ ಮಿತಿಯೊಳಗೆ ಹಿಡಿಯುವ ಕಡತ 14 ಎಂಬಿಗಿಂತ ತುಸು ಮಾತ್ರ ಹೆಚ್ಚು. 20 ಎಂದು ನಾವು ಹೇಳುತ್ತಿದ್ದ ಮಾತೇ ತಪ್ಪಾಗಿತ್ತು.

ಜೆಪೆಗ್ ಮಾಡಿ ಚಿಕ್ಕದಾಗಿಸಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಸವೆದ ಕಲ್ಲಿನ ಪಡಿಯಚ್ಚಿನಲ್ಲಿ ಅಕ್ಷರದ ಅಂಚು ಮತ್ತು ಕಲ್ಲಿನ ಒರಟುತನ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸಂಕುಚನ ಮೊದಲು ಅಳಿಸುವುದು ಆ ಅಂಚನ್ನೇ. ಆದ್ದರಿಂದ ಕಡತವನ್ನು ಇದ್ದಂತೆಯೇ ತರಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಪ್ರಯತ್ನಿಸಿದೆ.

ಮೊದಲನೆಯದು ಮಿತಿಯನ್ನು ಏರಿಸುವುದು. ಪೋಸ್ಟ್‌ಫಿಕ್ಸ್‌ನಲ್ಲಿ ಇದು ಒಂದೇ ಸಾಲಿನ ಕೆಲಸವೆಂದುಕೊಂಡು `message_size_limit` ಅನ್ನು 52428800ಕ್ಕೆ, ಅಂದರೆ 50 ಎಂಬಿಗೆ ಏರಿಸಿದೆ. ಅಂದು ಮಧ್ಯಾಹ್ನದಿಂದ ಯಾರ ಪೆಟ್ಟಿಗೆಗೂ ಒಂದೂ ಪತ್ರ ಬೀಳಲಿಲ್ಲ. ಲಾಗ್‌ನಲ್ಲಿ ಕಾರಣ ಸ್ಪಷ್ಟವಾಗಿಯೇ ಇತ್ತು:

```
mailbox_size_limit is smaller than message_size_limit
```

ಇಡೀ ಪೆಟ್ಟಿಗೆಯ ಮಿತಿ ತಾನಾಗಿಯೇ 51200000 ಇರುತ್ತದೆ. ಒಂದು ಪತ್ರದ ಮಿತಿ ಅದನ್ನು ಮೀರಿದರೆ ಸರ್ವರ್ ಒಳಗಿನ ವಿತರಣೆಯನ್ನೇ ನಿಲ್ಲಿಸುತ್ತದೆ. ಪತ್ರಗಳು ಕಳೆದುಹೋಗದೆ ಸರದಿಯಲ್ಲಿ ಕಾದಿದ್ದವು ಎಂಬುದೇ ಸಮಾಧಾನ. ಆಮೇಲೆ ಕುಳಿತು ಯೋಚಿಸಿದಾಗ 50 ಎಂಬಿಯ ಅಗತ್ಯವೇ ಇಲ್ಲವೆಂದು ತಿಳಿಯಿತು. ನಮಗೆ ಬರೆಯುವ ಬಹುತೇಕರು ಜಿಮೇಲ್ ಬಳಸುತ್ತಾರೆ. ಅದು 25 ಎಂಬಿ ಮೀರಿದ ಲಗತ್ತನ್ನು ತಾನೇ ಡ್ರೈವ್ ಲಿಂಕ್ ಆಗಿ ಮಾರ್ಪಡಿಸುತ್ತದೆ, ಮತ್ತು 25 ಎಂಬಿಯ ಕಡತ ದಾರಿಯಲ್ಲಿ ಹಿಗ್ಗಿದರೂ ಸುಮಾರು 3 ಕೋಟಿ 59 ಲಕ್ಷ ಬೈಟ್ ಆಗುತ್ತದೆ. ಆದ್ದರಿಂದ ಮಿತಿಯನ್ನು 36700160ಕ್ಕೆ ಇಳಿಸಿದೆ. ಪೆಟ್ಟಿಗೆಯ ಮಿತಿಯ ತಕರಾರೂ ಅಲ್ಲಿಗೆ ಮುಗಿಯಿತು.

ಇದರಿಂದ ಪ್ರಯೋಜನವಾದದ್ದು ನಿಜ, ಆದರೆ 14ರಿಂದ 25 ಎಂಬಿವರೆಗಿನ ಕಡತಗಳಿಗೆ ಮಾತ್ರ. ಜೊತೆಗೆ ಒಂದು ಹೊರೆಯೂ ಬಂತು. ಕಚೇರಿಯ ಮೂವರ ಹೆಸರಿಗೆ ಬಂದ ಒಂದು ಫಲಕ ಮೂರು ಪೆಟ್ಟಿಗೆಗಳಲ್ಲಿ, ಅದೂ ಹಿಗ್ಗಿದ ರೂಪದಲ್ಲಿಯೇ, ಒಟ್ಟು 7 ಕೋಟಿ ಬೈಟ್ ಜಾಗ ಹಿಡಿಯಿತು. ಸಂಪುಟದಲ್ಲಿದ್ದ ಫಲಕಗಳು ನಲವತ್ತಕ್ಕೂ ಹೆಚ್ಚು.

ಸೆವೆನ್‌ಜಿಪ್‌ನಲ್ಲಿ ತುಂಡು ಮಾಡಿ ಕಳುಹಿಸುವ ಕ್ರಮವನ್ನು ಒಮ್ಮೆ ನೋಡಿ ಬಿಟ್ಟೆವು. ಐದು ತುಂಡುಗಳಲ್ಲಿ ನಾಲ್ಕನೆಯದು ಬಾರದಿದ್ದರೆ ಉಳಿದ ನಾಲ್ಕರಿಂದ ಇಡೀ ಕಡತ ಕೈಗೆ ಸಿಗುವುದಿಲ್ಲ. ವಾಟ್ಸ್ಆಪ್‌ನಲ್ಲಿ "ಡಾಕ್ಯುಮೆಂಟ್" ಎಂದು ಆರಿಸಿ ಕಳುಹಿಸಿದರೆ ಕಡತ ಕೆಡುವುದಿಲ್ಲ. ಆದರೆ ಅವಸರದಲ್ಲಿ ಫೋಟೊ ಎಂದು ಕಳುಹಿಸಿಬಿಡುತ್ತಾರೆ, ಆಗ ಅದು ಕುಗ್ಗಿಯೇ ಬರುತ್ತದೆ.

ನಿಜವಾದ ಪೈಪೋಟಿ ಇದ್ದದ್ದು ಎರಡು ಬಗೆಯ ಲಿಂಕ್‌ಗಳ ನಡುವೆ: ಕಳುಹಿಸುವವರು ತಮ್ಮ ಡ್ರೈವ್‌ನಲ್ಲಿಟ್ಟು ನಮಗೆ ಕೊಡುವ ಲಿಂಕ್, ಮತ್ತು ನಮ್ಮ ಸರ್ವರ್‌ನಲ್ಲಿ ಕಡತ ಹಾಕಲೆಂದು ನಾವೇ ಅವರಿಗೆ ಕೊಡುವ ಲಿಂಕ್.

ಡ್ರೈವ್ ಎಲ್ಲರಿಗೂ ಪರಿಚಿತವಾದದ್ದು, ಕಲಿಸುವ ಶ್ರಮವಿಲ್ಲ, ವಾಪಸಾಗುವ ಭಯವೂ ಇಲ್ಲ. ಬೀದರ್‌ನ ಛಾಯಾಗ್ರಾಹಕರೊಬ್ಬರು ಕೋಟೆಯ 38 ಎಂಬಿಯ ಚಿತ್ರವನ್ನು ಹೀಗೆಯೇ ಕಳುಹಿಸಿದರು. ಆದರೆ ನಾವು ತೆರೆದಾಗ ಅನುಮತಿ ಕೇಳಿ ಎಂಬ ಪುಟ ಬಂತು, ಏಕೆಂದರೆ ಅವರು ಹಂಚಿಕೆಯನ್ನು `Restricted` ಎಂದೇ ಬಿಟ್ಟಿದ್ದರು ಮತ್ತು ನಮ್ಮ ಕಚೇರಿಯ ವಿಳಾಸಕ್ಕೆ ಗೂಗಲ್ ಖಾತೆ ಇರಲಿಲ್ಲ. ಅವರು `Anyone with the link` ಎಂದು ಬದಲಿಸಿದರು, ಕೆಲಸವಾಯಿತು. ಇದೇ ಕ್ರಮವನ್ನು ಅಪ್ರಕಟಿತ ಶಾಸನಗಳಿಗೆ ಅನ್ವಯಿಸಲು ನನಗೆ ಧೈರ್ಯ ಬರಲಿಲ್ಲ, ಏಕೆಂದರೆ ಆ ಲಿಂಕ್ ಯಾವ ಗುಂಪಿಗೆ ಹೋದರೂ ತೆರೆದುಕೊಳ್ಳುತ್ತದೆ. ಕಡತ ಕಳುಹಿಸಿದವರ ಹಿಡಿತದಲ್ಲಿಯೇ ಇರುತ್ತದೆ ಎಂಬುದು ಇನ್ನೊಂದು ತೊಡಕು. ಉಚಿತ ಖಾತೆಯ 15 ಜಿಬಿಯಲ್ಲಿ ಮೇಲ್, ಫೋಟೊ, ಡ್ರೈವ್ ಮೂರೂ ಸೇರಿರುವುದರಿಂದ, ಜಾಗ ತುಂಬಿದ ದಿನ ಅವರು ಆ ಚಿತ್ರವನ್ನೂ ಅಳಿಸಿದ್ದರು. ಎರಡನೆಯ ಕರಡಿನ ಹೊತ್ತಿಗೆ ನಮ್ಮ ಬಳಿ ಇದ್ದದ್ದು ಸತ್ತ ಲಿಂಕ್ ಮಾತ್ರ. ಲಿಂಕ್ ಬಂದ ದಿನವೇ ಕಡತವನ್ನು ಇಳಿಸಿಟ್ಟುಕೊಳ್ಳಬೇಕಿತ್ತು.

ಇದಕ್ಕಿಂತ ನನಗೆ ಹೆಚ್ಚು ಆತಂಕ ತಂದದ್ದು ಬೇರೆ. ಲಿಂಕ್ ಬರುವುದು ರೂಢಿಯಾದ ಮೇಲೆ ನಮ್ಮ ಹುಡುಗರು ಬಂದ ಲಿಂಕ್‌ಗಳನ್ನೆಲ್ಲ ಒತ್ತತೊಡಗಿದರು. ಅಂಥದ್ದೊಂದು ಪತ್ರದಲ್ಲಿ "ನಿಮ್ಮೊಂದಿಗೆ ಕಡತ ಹಂಚಲಾಗಿದೆ" ಎಂದು ಇದ್ದು, ಒತ್ತಿದಾಗ ಕಚೇರಿಯ ಮೇಲ್‌ನ ಪಾಸ್‌ವರ್ಡ್ ಕೇಳುವ ಪುಟ ತೆರೆಯಿತು. ಡ್ರೈವ್‌ನ ಲಿಂಕ್ `drive.google.com` ಎಂಬ ವಿಳಾಸದಲ್ಲಿ ತೆರೆಯುತ್ತದೆ, ಮತ್ತು ಎಲ್ಲರಿಗೂ ತೆರೆದಿಟ್ಟ ಕಡತ ಯಾವ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಈ ಎರಡರಲ್ಲಿ ಒಂದು ತಪ್ಪಿದರೂ ಪುಟ ಮುಚ್ಚಿ, ಕಳುಹಿಸಿದವರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಕೂಡಿಸಿ ಹೇಳಿದೆ.

ಎರಡನೆಯ ಬಗೆಯಲ್ಲಿ ಈ ಅಪಾಯದ ದಿಕ್ಕೇ ಬದಲಾಗುತ್ತದೆ: ಅಪರಿಚಿತ ಲಿಂಕನ್ನು ನಾವು ಒತ್ತಬೇಕಾಗಿಲ್ಲ. ನಮ್ಮ ನೆಕ್ಸ್ಟ್‌ಕ್ಲೌಡ್‌ನಲ್ಲಿ ಆ ಸಂಪುಟಕ್ಕೆಂದೇ ಒಂದು ಫೋಲ್ಡರ್ ಮಾಡಿ, ಹಂಚಿಕೆಯಲ್ಲಿ `File drop` ಆರಿಸಿ, ಪಾಸ್‌ವರ್ಡ್ ಇಟ್ಟು, ಹದಿನಾಲ್ಕು ದಿನಗಳ ಅವಧಿ ಹಾಕಿದೆ. ಲಿಂಕನ್ನು ಮೇಲ್‌ನಲ್ಲಿ ಕಳುಹಿಸಿ ಪಾಸ್‌ವರ್ಡನ್ನು ಫೋನ್‌ನಲ್ಲಿ ಹೇಳಿದೆ. ಸಂಶೋಧಕರು ಖಾತೆ ತೆರೆಯಬೇಕಾಗಲಿಲ್ಲ, ಮತ್ತು ಆ ಲಿಂಕ್ ಪಾಸ್‌ವರ್ಡ್ ಸಮೇತ ಬೇರೆಯವರ ಕೈಗೆ ಸಿಕ್ಕರೂ ಒಳಗಿರುವುದನ್ನು ಅವರು ನೋಡಲಾರರು, ಹಾಕಬಲ್ಲರು ಅಷ್ಟೇ.

ಮೊದಲ ದಿನ ಇಲ್ಲಿಯೂ `413` ಎಂಬ ದೋಷ ಬಂತು. ಮುಂದಿದ್ದ ಎಂಜಿನ್‌ಎಕ್ಸ್‌ನಲ್ಲಿ `client_max_body_size` ಹೇಳದಿದ್ದರೆ ಅದು 1 ಎಂಬಿಯೇ ಆಗಿರುತ್ತದೆ. ಅದನ್ನು ಏರಿಸಿದ ಮೇಲೆ ಸರಿಹೋಯಿತು. ಆಮೇಲಿನ ತೊಂದರೆ ಶಹಾಪುರದ ಮೊಬೈಲ್ ಸಂಪರ್ಕದ್ದು. ಹನ್ನೆರಡು ಫಲಕಗಳ ಒಂದೇ ಜಿಪ್ ಎರಡು ಸಲ ನಡುವೆಯೇ ಕಡಿಯಿತು. ಜಿಪ್ ಮಾಡದೆ ಒಂದೊಂದೇ ಫಲಕ ಹಾಕಲು ಹೇಳಿದೆವು, ಆಗ ಕಡಿದದ್ದನ್ನು ಮಾತ್ರ ಮತ್ತೆ ಹಾಕಿದರೆ ಸಾಕಾಯಿತು. ಅರ್ಧ ಬಂದ ಕಡತ ಪೂರ್ಣವೆಂದು ಅಚ್ಚಿಗೆ ಹೋಗದಂತೆ ಅವರು ತಮ್ಮ ವಿಂಡೋಸ್‌ನಲ್ಲಿ ಮೊದಲನೆಯದನ್ನು, ನಾನು ಸರ್ವರ್‌ನಲ್ಲಿ ಎರಡನೆಯದನ್ನು ಓಡಿಸಿದೆವು:

```
certutil -hashfile phalaka-07.tif SHA256
sha256sum phalaka-07.tif
```

ಮೊದಲ ಆರು ಮತ್ತು ಕೊನೆಯ ಆರು ಅಕ್ಷರಗಳನ್ನು ಫೋನ್‌ನಲ್ಲಿ ಓದಿ ತಾಳೆ ನೋಡುತ್ತಿದ್ದೆವು. ಏಳನೆಯ ಫಲಕ ತಾಳೆಯಾಗಲಿಲ್ಲ. ಅವರು ಮೂಲೆಯ ಕಲೆ ತೆಗೆದು ಮತ್ತೆ ಉಳಿಸಿದ್ದ ಪ್ರತಿ ಅಲ್ಲಿ, ಹಳೆಯದು ಇಲ್ಲಿ ಇತ್ತು. ಗಾತ್ರ ಎರಡರದ್ದೂ ಒಂದೇ ಆಗಿದ್ದುದರಿಂದ ಬೈಟ್ ಲೆಕ್ಕ ಮಾತ್ರ ನೋಡಿದ್ದರೆ ಅದು ತಿಳಿಯುತ್ತಿರಲಿಲ್ಲ.

ಹಾಕುವ ಲಿಂಕ್ ಪಾಸ್‌ವರ್ಡ್ ಸಮೇತ ಯಾರಿಗೆ ಸಿಕ್ಕರೂ ಅವರು ಏನನ್ನಾದರೂ ಹಾಕಬಹುದು ಎಂಬ ಕೊರತೆ ಉಳಿದೇ ಇದೆ. ಆದ್ದರಿಂದ ಆ ಫೋಲ್ಡರ್‌ನಿಂದ ಯಾವುದನ್ನೂ ನೇರವಾಗಿ ತೆರೆಯುವುದಿಲ್ಲ. ಕ್ಲಾಮ್‌ಎವಿಯಿಂದ ಪರೀಕ್ಷಿಸಿ, `file` ಆದೇಶಕ್ಕೆ `TIFF image data` ಎಂಬ ಉತ್ತರ ಬಂದ ಮೇಲೆಯೇ ಕೆಲಸದ ಫೋಲ್ಡರ್‌ಗೆ ಸಾಗಿಸುತ್ತೇವೆ. ಪುಸ್ತಕ ಮುಗಿದ ದಿನ ಲಿಂಕನ್ನು ಅಳಿಸುತ್ತೇವೆ.

ಈಗ ನಮ್ಮಲ್ಲಿ ಪಠ್ಯ ಮತ್ತು ಕರಡು ಮೇಲ್‌ನಲ್ಲಿಯೇ ಬರುತ್ತವೆ, ಫಲಕಗಳು ಹಾಕುವ ಲಿಂಕ್‌ನಲ್ಲಿ ಬರುತ್ತವೆ. ಡ್ರೈವ್ ಲಿಂಕನ್ನು ಆಗಲೇ ಪ್ರಕಟವಾಗಿರುವ ಚಿತ್ರಗಳಿಗೆ ಮಾತ್ರ ಒಪ್ಪುತ್ತೇವೆ. ಹೊಸ ಲೇಖಕರಿಗೆ ಬರೆಯುವ ಮೊದಲ ಪತ್ರದಲ್ಲಿ 20 ಎಂಬಿ ಎಂಬ ಹಳೆಯ ಮಾತನ್ನು ತೆಗೆದು, 14 ಎಂಬಿ ಮೀರಿದ ಯಾವ ಕಡತವನ್ನೂ ಲಗತ್ತಿಸದೆ ನಮ್ಮಿಂದ ಲಿಂಕ್ ಕೇಳಿ ಪಡೆಯಬೇಕೆಂದು ಬರೆಯುತ್ತಿದ್ದೇನೆ. ನಮ್ಮ ಸರ್ವರ್ ಈಗ ಅದಕ್ಕಿಂತ ದೊಡ್ಡದನ್ನು ತೆಗೆದುಕೊಂಡರೂ, ಅವರ ಕಚೇರಿಯ ಸರ್ವರ್‌ನ ಮಿತಿ ಎಷ್ಟೆಂಬುದು ಪತ್ರ ಹೊರಡುವವರೆಗೆ ಅವರಿಗೂ ತಿಳಿದಿರುವುದಿಲ್ಲ.