ನೀಲಿ ಗ್ರೇಡಿಯೆಂಟ್ ಕನ್ನಡಕ ಹಾಕಿಕೊಂಡು ವಾಹನ ಓಡಿಸುವವರಿಗೆ

ಕಾಸರಗೋಡಿನ ಒಂದು ಅಂಗಡಿಯಲ್ಲಿ ತಮ್ಮನ ಮದುವೆಗೆಂದು ತಂಪು ಕನ್ನಡಕ ಕೊಂಡೆ. ಮೇಲೆ ಕಡು ನೀಲಿ, ಕೆಳಗೆ ಬರುತ್ತಾ ಬಹುತೇಕ ಬಿಳಿ. "ನಿಮ್ಮ ಮುಖಕ್ಕೆ ಇದೇ ಒಪ್ಪುತ್ತದೆ ಅಣ್ಣಾ, ಯುವಿ 400 ಕೂಡ ಇದೆ" ಎಂದ ಅಂಗಡಿಯ ಹುಡುಗ. ಒಪ್ಪಿದ್ದು ನಿಜ. ಯುವಿ 400 ಎಂಬುದು ಕಣ್ಣಿಗೆ ಕಾಣದ ಕಿರಣಗಳನ್ನು ತಡೆಯುವ ಮಾತು, ಕಾಣುವ ಬಣ್ಣಗಳ ಗತಿ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಸೂಚನೆ ಬದಿಯಡ್ಕದಲ್ಲಿ ಚಿಕ್ಕಮ್ಮನ ಮನೆಯ ಅಂಗಳದಲ್ಲಿಯೇ ಸಿಕ್ಕಿತ್ತು. ಹಣ್ಣಡಿಕೆ ಒಣಹಾಕಿದ್ದರು. "ಈ ಸಲ ಅಡಿಕೆಗೆ ಬಣ್ಣವೇ ಇಲ್ಲವಲ್ಲ ಚಿಕ್ಕಮ್ಮ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ಆ ಕನ್ನಡಕ ತೆಗೆ" ಎಂದರು. ತೆಗೆದರೆ ಅಂಗಳ ತುಂಬ ಕಿತ್ತಳೆ ಬಣ್ಣ. ಹಾಕಿಕೊಂಡರೆ ಅದೇ ಅಡಿಕೆ ಮಣ್ಣು ಮೆತ್ತಿದಂತೆ ಮಂಕು. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ನಾನು ಯೋಚಿಸುವುದನ್ನು ಮರೆತೆ.

ಅದೇ ಸಂಜೆ ಐದೂವರೆಯ ಹೊತ್ತಿಗೆ ಕುಂಬಳೆ ದಾಟಿ ಉಪ್ಪಳದ ಕಡೆಗೆ ಹೆದ್ದಾರಿಯಲ್ಲಿ ಬೈಕಿನಲ್ಲಿ ಬರುತ್ತಿದ್ದೆ. ಎಡಗಡೆ ಸಮುದ್ರದ ಮೇಲೆ ಸೂರ್ಯ ಇಳಿಯುತ್ತಿದ್ದ. ಮುಂದಿದ್ದ ಕಾರು ನಿಧಾನವಾದದ್ದು ನನಗೆ ತಿಳಿದದ್ದು ಅದು ಹತ್ತಿರ ಹತ್ತಿರ ಬಂದು ದೊಡ್ಡದಾಗಿ ಕಂಡಾಗ. ಅದರ ಬ್ರೇಕ್ ದೀಪದಿಂದಲ್ಲ. ಎರಡೂ ಬ್ರೇಕ್ ಒತ್ತಿದರೂ ಮಡ್‌ಗಾರ್ಡ್ ಬಂಪರಿಗೆ ತಗುಲಿತು. ಕೆಳಗಿಳಿದು ಬಂದವರು ಕೇಳಿದ್ದು ಒಂದೇ: "ದೀಪ ಉರಿಯುತ್ತಿರಲಿಲ್ಲವೇ ಮಾರಾಯರೇ?" ಕನ್ನಡಕ ಎತ್ತಿ ನೋಡಿದೆ. ಕಣ್ಣಿಗೆ ಹೊಡೆಯುವ ಹಾಗೆ ಉರಿಯುತ್ತಿತ್ತು. ಮತ್ತೆ ಇಳಿಸಿದರೆ, ಉರಿಯದ ದೀಪದ ಗಾಜಿನ ಮೇಲೆ ಬಿಸಿಲು ಬಿದ್ದಷ್ಟೇ ಕೆಂಪು.

ಆಗಿದ್ದು ಇಷ್ಟು. ಕನ್ನಡಕದ ಗಾಜು ನೀಲಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಬಿಟ್ಟು ಕೆಂಪು, ಕಿತ್ತಳೆಗಳನ್ನು ನುಂಗುವುದರಿಂದ. ಬರಿಯ ಕಪ್ಪಾಗಿದ್ದರೆ ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ, ದೀಪ ಸುತ್ತಲಿನದಕ್ಕಿಂತ ಎದ್ದೇ ಕಾಣುತ್ತದೆ. ನೀಲಿಯಲ್ಲಿ ಸುತ್ತಲಿನ ಆಕಾಶ, ರಸ್ತೆ ಹಾಗೆಯೇ ಉಳಿದು ಕೆಂಪು ಮಾತ್ರ ಸೋಲುತ್ತದೆ. ತಂಪು ಕನ್ನಡಕದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 12312-1 ಇದಕ್ಕೆ ಲೆಕ್ಕ ಇಟ್ಟಿದೆ: ಚಾಲನೆಗೆ ತಕ್ಕ ಗಾಜು ಒಟ್ಟು ಬೆಳಕನ್ನು ಎಷ್ಟು ಬಿಡುತ್ತದೋ, ಕೆಂಪು ಸಿಗ್ನಲ್ ದೀಪವನ್ನು ಅದರ 0.8 ಪಾಲಾದರೂ ಬಿಡಬೇಕು. ನೂರರಲ್ಲಿ 30 ಬೆಳಕು ಬಿಡುವ ಗಾಜಾದರೆ ಕೆಂಪು 24 ಆದರೂ ದಾಟಬೇಕು. ಅದು 10 ಆದರೆ ಬೆಳಗಿದ ಬ್ರೇಕ್ ದೀಪ ಸುಮ್ಮನಿರುವ ದೀಪದ ಸಾಲಿಗೆ ಸೇರಿಬಿಡುತ್ತದೆ.

ಅಂಗಡಿಯಲ್ಲಿ ಯಾಕೆ ತಿಳಿಯಲಿಲ್ಲ? ಕಣ್ಣು ಕೆಲವೇ ನಿಮಿಷಗಳಲ್ಲಿ ಆ ನೀಲಿಗೆ ಹೊಂದಿಕೊಂಡು ಬಿಳಿ ಗೋಡೆಯನ್ನು ಬಿಳಿಯೆಂದೇ ತೋರಿಸುತ್ತದೆ. ನುಂಗಿಹೋದ ಕೆಂಪನ್ನು ಮಾತ್ರ ಅದು ಮರಳಿ ತರಲಾರದು. ಇನ್ನೊಂದು ಮೋಸ ಗ್ರೇಡಿಯೆಂಟಿನದು. ಕನ್ನಡಿಯ ಮುಂದೆ ತಲೆ ನೇರ ಇಟ್ಟು ನಡುಭಾಗದಿಂದ ನೋಡಿದ್ದೆ. ಹೆಲ್ಮೆಟ್ ತೊಟ್ಟು ಸ್ವಲ್ಪ ಮುಂದೆ ಬಾಗಿ ಓಡಿಸುವಾಗ ದೃಷ್ಟಿ ಹಾಯುವುದು ಮೇಲಿನ ಕಡು ಭಾಗದಿಂದ. ಗ್ರೇಡಿಯೆಂಟ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಕಾರಿನಲ್ಲಿ ಮೇಲಿನ ಬಿಸಿಲು ತಡೆದು ಮೀಟರನ್ನು ಸರಿಯಾಗಿ ತೋರಿಸುತ್ತದೆ. ಆದರೆ ಬೇಕಲದ ಮರಳಿನಲ್ಲಿ ಕೆಳಗಿನಿಂದ ಎದ್ದು ಬರುವ ಬೆಳಕಿಗೆ ಅದು ಬಾಗಿಲು ತೆರೆದಿಟ್ಟಂತೆ.

ಕೊಳ್ಳುವ ಮೊದಲು ಗಾಜನ್ನು ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಹೊರಗೆ ನೀಲಿ ಕನ್ನಡಿಯಂತೆ ಹೊಳೆಯುವ ಎಷ್ಟೋ ಗಾಜುಗಳ ಒಳಬಣ್ಣ ಬೂದಿಯೋ ಕಂದೋ ಆಗಿರುತ್ತದೆ, ಅವುಗಳಿಂದ ಈ ತೊಂದರೆ ಇಲ್ಲ. ಲೆಕ್ಕಕ್ಕೆ ಬರುವುದು ಕಾಗದದ ಮೇಲೆ ಬೀಳುವ ಬಣ್ಣ. ಆಮೇಲೆ ಅಂಗಡಿಯ ಬಾಗಿಲಿಗೆ ಬಂದು, ಗಾಜಿನ ಮೇಲಿನ ಅಂಚಿನಿಂದ, ಹಾದುಹೋಗುವ ಬಸ್ಸಿನ ಬ್ರೇಕ್ ದೀಪ ನೋಡಿ. ಕನ್ನಡಕ ಏರಿಸಿ ಇಳಿಸಿ ಹೋಲಿಸಿ. ಕೆಂಪು ಹಸಿರು ಬಣ್ಣ ಗುರುತಿಸುವುದರಲ್ಲಿ ಮೊದಲೇ ಕಷ್ಟವಿರುವವರು ನೀಲಿಯನ್ನು ಮುಟ್ಟಲೇಬೇಡಿ.

ಬಂಪರಿನ ಬಣ್ಣಕ್ಕೆ ಹಣ ಕೊಟ್ಟ ಮೇಲೆ ಎರಡನೆಯ ಕನ್ನಡಕ ಕೊಂಡೆ, ಬೂದಿ ಬಣ್ಣದ್ದು. ಕಂದು ಬಣ್ಣದ್ದು ನೀಲಿ ಮಬ್ಬನ್ನು ಕಡಿಮೆ ಮಾಡಿ ರಸ್ತೆಯ ಗುಂಡಿಯ ಅಂಚನ್ನು ಚೆನ್ನಾಗಿ ಎತ್ತಿ ತೋರಿಸುತ್ತಿತ್ತು. ಆದರೆ ಅಪ್ಪನ ಬಿಳಿ ಪಂಚೆ ಅದರಲ್ಲಿ ಹಳದಿಗಟ್ಟಿತು, ಹಾಗಾಗಿ ಬೇಡವೆಂದೆ. ಬೂದಿಯಲ್ಲಿ ಜಗತ್ತು ಇದ್ದ ಹಾಗೆಯೇ ಇದೆ, ಬೆಳಕು ಕಡಿಮೆ, ಅಷ್ಟೇ. ನೀಲಿಯದು ಮದುವೆಯ ಫೋಟೊಗಳಲ್ಲಿ ಚೆನ್ನಾಗಿಯೇ ಬಂದಿದೆ.