ಮೊಳೆ ಚುಚ್ಚಿದಾಗ ಒಂದು ಟಿಟಿ ಸಾಕು ಅಂದುಕೊಳ್ಳಬೇಡಿ

ಐವತ್ತು ದಾಟಿದ ಗಂಡಸರು ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ.

ಕೆಂಗೇರಿ ಕಡೆ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸುತ್ತಿದ್ದರು. ಮಳೆ ಬಂದು ಸೈಟೆಲ್ಲ ಕೆಸರು, ಪಕ್ಕದ ಕೊಟ್ಟಿಗೆಯ ಸಗಣಿ ನೀರೂ ಅಲ್ಲಿಗೇ ಹರಿಯುತ್ತಿತ್ತು. ಸೆಂಟ್ರಿಂಗ್ ಹಲಗೆಯ ಮೊಳೆ ಚಪ್ಪಲಿ ತೂರಿ ಅಂಗಾಲಿಗೆ ಆಳವಾಗಿ ಹೊಕ್ಕಿತು. ಹತ್ತಿರದ ಕ್ಲಿನಿಕ್‌ನಲ್ಲಿ ಮೇಲೆ ಮೇಲೆ ಒರೆಸಿ, ಒಂದು ಟಿಟಿ ಚುಚ್ಚಿ, ಪಟ್ಟಿ ಕಟ್ಟಿ ಕಳಿಸಿದರು. ಹಿಂದೆ ಲಸಿಕೆ ಆಗಿದೆಯಾ ಅಂತ ಒಬ್ಬರೂ ಕೇಳಲಿಲ್ಲ.

ವಾರ ಕಳೆದ ಮೇಲೆ ಚಿಕ್ಕಪ್ಪನಿಗೆ ಬಾಯಿ ಪೂರ್ತಿ ತೆರೆಯಲು ಆಗಲಿಲ್ಲ. ಗಾಯ ಮಾಗುತ್ತಿದ್ದುದರಿಂದ ಅದರ ನೆನಪೇ ಯಾರಿಗೂ ಬರದೆ, ಹಲ್ಲಿನ ಡಾಕ್ಟರ ಹತ್ತಿರ ಹೋದರು. ಆಮೇಲೆ ಕತ್ತು, ಬೆನ್ನು, ಹೊಟ್ಟೆ ಒಂದೊಂದಾಗಿ ಬಿಗಿದವು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಗಂಟಲ ಹಿಂಭಾಗಕ್ಕೆ ಕಡ್ಡಿ ತಾಗಿಸಿ ನೋಡಿದರು. ವಾಕರಿಕೆ ಬರುವ ಬದಲು ದವಡೆ ಗಟ್ಟಿಯಾಗಿ ಕಡ್ಡಿಯನ್ನೇ ಕಚ್ಚಿತು. ಧನುರ್ವಾಯು ಅಂದರು.

ಈ ರೋಗಾಣುವಿನ ಬೀಜಕಣಗಳು ಮಣ್ಣು, ಸಗಣಿಯಲ್ಲಿರುತ್ತವೆ. ಗಾಳಿಯಾಡದ ಆಳ ಗಾಯದಲ್ಲಿ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ನರದೊಳಗಿಂದಲೇ ಏರಿ ಬೆನ್ನುಹುರಿ ಸೇರುತ್ತದೆ. ಸ್ನಾಯುವನ್ನು ಸಡಿಲಿಸುವ ಸಂದೇಶ ಅಲ್ಲಿ ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳ ಮೂಲಕ ಹೋಗಬೇಕು; ವಿಷ ಅವು ಹೊರಬರದಂತೆ ತಡೆಯುತ್ತದೆ. ಬ್ರೇಕ್ ಕಿತ್ತ ಗಾಡಿಯಂತೆ ಸ್ನಾಯು ಬಿಗಿಯುತ್ತಲೇ ಹೋಗುತ್ತದೆ. ಬಾಗಿಲು ಬಡಿದ ಸದ್ದಿಗೂ ಚಿಕ್ಕಪ್ಪನ ಮೈಯೆಲ್ಲ ಸೆಟೆದು ನಿಲ್ಲುತ್ತಿತ್ತು. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತಿತ್ತು, ಆ ನೋವಷ್ಟನ್ನೂ ಎಚ್ಚರವಾಗಿದ್ದೇ ಅನುಭವಿಸಿದರು. ನೋಡಲಾಗುತ್ತಿರಲಿಲ್ಲ.

ನರಕ್ಕೆ ಅಂಟಿದ ವಿಷವನ್ನು ಯಾವ ಔಷಧಿಯೂ ಬಿಡಿಸಲಾರದು. ಇನ್ನೂ ಅಂಟದೆ ಉಳಿದದ್ದನ್ನು ಮಾತ್ರ ಟೆಟನಸ್ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಹಾಗಾಗಿ ಗಾಯವಾದ ಹೊತ್ತಿನಲ್ಲೇ ಅದು ಬೇಕಿತ್ತು. ಲಸಿಕೆ ಎಂದೂ ಆಗದವರಿಗೆ ಮೊದಲ ಟಿಟಿಯಿಂದ ರಕ್ಷಣೆ ಹುಟ್ಟಲು ವಾರಗಳೇ ಹಿಡಿಯುತ್ತವೆ, ವಿಷ ಅಷ್ಟು ಕಾಯುವುದಿಲ್ಲ. ನಮ್ಮ ದೇಶದಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದದ್ದೇ 1978ರಲ್ಲಿ. ಹೆಂಗಸರಿಗೆ ಬಸಿರಿನಲ್ಲಾದರೂ ಟಿಟಿ ಸಿಗುತ್ತಿತ್ತು, ಚಿಕ್ಕಪ್ಪನ ವಯಸ್ಸಿನ ಎಷ್ಟೋ ಗಂಡಸರಿಗೆ ಅದೂ ಇಲ್ಲ.

ಮೂರು ಡೋಸ್ ಮುಗಿದಿರುವವರಿಗೆ, ಗಾಯ ಕೊಳಕಾಗಿದ್ದು ಕೊನೆಯ ಡೋಸ್‌ಗೆ 5 ವರ್ಷ ಆಗಿದ್ದರೆ ಒಂದು ಬೂಸ್ಟರ್ ಸಾಕು. ಸಣ್ಣ, ಚೊಕ್ಕ ಗಾಯಕ್ಕೆ ಆ ಗಡುವು 10 ವರ್ಷ. ಮೂರು ಡೋಸ್ ಆಗಿಲ್ಲ, ಅಥವಾ ಆಗಿದೆಯೋ ಇಲ್ಲವೋ ಗೊತ್ತಿಲ್ಲ ಎಂದಾದರೆ, ಕೊಳಕು ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಸಾಮಾನ್ಯವಾಗಿ 250 ಯೂನಿಟ್, ಬೇರೆ ಸಿರಿಂಜಿನಲ್ಲಿ, ಬೇರೆ ಜಾಗಕ್ಕೆ. ಕ್ಲಿನಿಕ್‌ನಲ್ಲಿ ಇಲ್ಲವೆಂದರೆ ಅದಿರುವ ಆಸ್ಪತ್ರೆಗೆ ಅವತ್ತೇ ಹೋಗಿ. ಗಾಯವನ್ನು ಒಳಗಿನವರೆಗೆ ತೊಳೆದು, ಸತ್ತ ಮಾಂಸ ತೆಗೆಯಲು ಕೇಳಿ.

ವೆಂಟಿಲೇಟರ್ ಕಂಡು ಬಂದ ಚಿಕ್ಕಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಈ ರೋಗ ಬಂದು ಹೋದರೂ ದೇಹಕ್ಕೆ ರಕ್ಷಣೆ ಹುಟ್ಟುವುದಿಲ್ಲವಂತೆ, ಆದ್ದರಿಂದ ಅವರಿಗೂ ಮೂರು ಡೋಸ್ ಮೊದಲಿನಿಂದ ಹಾಕಿಸುತ್ತಿದ್ದೇವೆ.