ನಾಯಿ ಕಚ್ಚಿದರೆ ಏನು ಮಾಡಬೇಕು: ಒಂದು ಚಾರ್ಟ್, ಮೂರು ಪಟ್ಟಿ

ನಮ್ಮೂರ ಗ್ರಾಮ ಪಂಚಾಯ್ತಿ ಗ್ರಂಥಾಲಯವನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ವರ್ಷ ಬೀದಿ ನಾಯಿಗಳ ಕಾಟ ಜಾಸ್ತಿಯಾದಾಗ ರೇಬೀಸ್ ಚಿಕಿತ್ಸೆಯ ದೊಡ್ಡ ಚಾರ್ಟ್ ಒಂದನ್ನು ತಂದು ಗೋಡೆಗೆ ಹಚ್ಚಿದೆ. ಮೇಲೆ ಒಂದು ಚೌಕ, ಅದರಿಂದ ಬಾಣ, ಕೆಳಗೆ ಗಾಯದ ಮೂರು ದರ್ಜೆ, ಒಂದೊಂದರಿಂದಲೂ ಮತ್ತೆ ಬಾಣ. ಬಲಗಡೆ 'ನಾಯಿಯನ್ನು 10 ದಿನ ಗಮನಿಸಿ' ಅನ್ನೋ ಬೇರೆ ಚೌಕ. ಕೆಳಗೆ 'ಹಿಂದೆ ಲಸಿಕೆ ಆಗಿದೆಯೇ?' ಅನ್ನೋ ಪ್ರಶ್ನೆ, ಅಲ್ಲಿಂದ ಎರಡು ದಾರಿ. ಎಲ್ಲಾ ಸರಿಯಾಗಿಯೇ ಇತ್ತು. ಆದರೆ ಒಬ್ಬರೂ ಅದರ ಮುಂದೆ ನಿಂತು ಓದಲಿಲ್ಲ. 'ಅದು ಡಾಕ್ಟರ್ ಓದೋದು' ಅಂತ ಒಬ್ಬ ಅಜ್ಜಿ ಹೇಳಿದರು. ಅವರು ಹೇಳಿದ್ದು ನಿಜ. ಆ ಚಾರ್ಟ್ ಬರೆದಿರುವುದೇ ಡಾಕ್ಟರಿಗಾಗಿ.

ಅದನ್ನು ನಂಬರ್ ಹಾಕಿದ ಸರಳ ಪಟ್ಟಿಯಾಗಿ ಬರೆಯೋಣ ಅಂದುಕೊಂಡೆ. ಮೂರು ರೀತಿ ಬರೆದು ನೋಡಿದೆ. ಪ್ರತಿ ಪಟ್ಟಿಯನ್ನೂ ಗ್ರಂಥಾಲಯಕ್ಕೆ ಬರುವ ಕೆಲವರ ಕೈಗೆ ಕೊಟ್ಟೆ. ಎಲ್ಲರಿಗೂ ಒಂದೇ ಮಾತು ಕೇಳಿದೆ: 'ನಿಮ್ಮ ಮಗನಿಗೆ ಈಗ ತಾನೇ ನಾಯಿ ಕಚ್ಚಿದೆ. ಇದನ್ನು ಓದಿ ನನಗೆ ಹೇಳಿ, ಏನು ಮಾಡ್ತೀರಿ?'

ಮೊದಲನೇ ಪಟ್ಟಿ ಬಾಣದ ದಾರಿಯಲ್ಲೇ ನಡೆಯಿತು. ಮೇಲಿಂದ ಕೆಳಗೆ ಒಂದೊಂದು ಚೌಕಕ್ಕೂ ಒಂದೊಂದು ನಂಬರ್ ಕೊಟ್ಟೆ. ದಾರಿ ಕವಲಾದ ಕಡೆ 'ಹೌದಾದರೆ 7ಕ್ಕೆ ಹೋಗಿ, ಇಲ್ಲವಾದರೆ 9ಕ್ಕೆ ಹೋಗಿ' ಅಂತ ಬರೆದೆ. ಒಟ್ಟು 11 ಸಾಲು. ಬರೆಯುವಾಗ ನನಗೆ ತುಂಬ ಖುಷಿ ಇತ್ತು, ಏಕೆಂದರೆ ಚಾರ್ಟಿನಲ್ಲಿದ್ದ ಒಂದು ಚೌಕವೂ ಬಿಟ್ಟುಹೋಗಿರಲಿಲ್ಲ.

ಓದಿಸಿದಾಗ ಎರಡು ತೊಂದರೆ ಕಂಡವು. ಒಂದು, ಹಾರಾಟ. ಪಕ್ಕದ ಬೀದಿಯ ಹೆಂಗಸೊಬ್ಬರು ಬೆರಳಿಟ್ಟು ಓದುತ್ತಿದ್ದವರು, 'ಅಕ್ಕಾ, 7ಕ್ಕೆ ಬಂದೆ. ಇಲ್ಲಿಂದ ಮತ್ತೆ ಎಲ್ಲಿಗೆ ಹೋಗ್ಲಿ?' ಅಂದರು. ಚಾರ್ಟಿನಲ್ಲಾದರೆ ಕಣ್ಣು ಬಾಣ ಹಿಡಿದು ವಾಪಸ್ ಬರುತ್ತದೆ. ಪಟ್ಟಿಯಲ್ಲಿ ಬಾಣ ಇಲ್ಲ. 7 ಆದ ಮೇಲೆ 8 ಓದುವುದೇ ಎಲ್ಲರ ರೂಢಿ.

ಎರಡನೆಯದು ನಿಜವಾಗಿಯೂ ಹೆದರಿಸಿತು. ನನ್ನ 8 ಮತ್ತು 9ನೇ ಸಾಲು ಹೀಗಿದ್ದವು:

8. ಕಚ್ಚಿದ ನಾಯಿಯನ್ನು 10 ದಿನ ಗಮನಿಸಿ.
9. ಲಸಿಕೆಯನ್ನು ನಿಗದಿತ ದಿನಗಳಂದು ಪೂರ್ತಿ ಮಾಡಿ.

ಇದನ್ನು ಓದಿದ ಒಬ್ಬರು ಹೇಳಿದ್ದು: 'ಹತ್ತು ದಿನ ನಾಯಿ ನೋಡ್ತೀವಿ. ಅದು ಸತ್ತರೆ ಇಂಜೆಕ್ಷನ್ ಹಾಕಿಸ್ತೀವಿ.' ರೇಬೀಸ್ ವಿಷಯದಲ್ಲಿ ಇದಕ್ಕಿಂತ ಅಪಾಯದ ಓದು ಇನ್ನೊಂದಿಲ್ಲ. ಇಂಜೆಕ್ಷನ್ ಮೊದಲು ಶುರುವಾಗಬೇಕು, ನಾಯಿಯ ಮೇಲೆ ಕಣ್ಣಿಡುವುದು ಅದರ ಜೊತೆಜೊತೆಗೆ ನಡೆಯಬೇಕು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೂಕಡಿಮೆ ಆಗದ ಮಾತು. ಚಾರ್ಟಿನಲ್ಲಿ ಆ ಎರಡು ಚೌಕ ಅಕ್ಕಪಕ್ಕ ಇದ್ದವು. ಅಕ್ಕಪಕ್ಕ ಅಂದರೆ ಒಟ್ಟಿಗೆ ಅಂತ ಅರ್ಥ. ನಾನು ಅವನ್ನು ಒಂದರ ಕೆಳಗೆ ಒಂದು ಬರೆದೆ. ಕೆಳಗೆ ಅಂದರೆ ಆಮೇಲೆ ಅಂತಲೇ ಓದುತ್ತಾರೆ. ತಪ್ಪು ಓದಿದವರದಲ್ಲ, ನನ್ನ ನಂಬರಿನದು.

ಎರಡನೇ ಸಲ ಹಾರಾಟ ತಪ್ಪಿಸಲು ಮೂರು ದರ್ಜೆಗೆ ಮೂರು ಬೇರೆ ಪಟ್ಟಿ ಮಾಡಿದೆ. ಒಂದನೇ ದರ್ಜೆ: ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದು, ಅಥವಾ ನಾಯಿಯನ್ನು ಮುಟ್ಟಿದ್ದು. ಇದಕ್ಕೆ ತೊಳೆದರೆ ಸಾಕು, ಇಂಜೆಕ್ಷನ್ ಬೇಡ. ಎರಡನೇ ದರ್ಜೆ: ರಕ್ತ ಬಾರದ ಸಣ್ಣ ಪರಚು ಗಾಯ, ಬರಿ ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದು. ಇದಕ್ಕೆ ಲಸಿಕೆ ಬೇಕು. ಮೂರನೇ ದರ್ಜೆ: ಚರ್ಮ ಸೀಳಿದ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು. ಇದಕ್ಕೆ ಲಸಿಕೆಯ ಜೊತೆಗೆ ಗಾಯದ ಒಳಗೆ, ಸುತ್ತಮುತ್ತ ಹಾಕುವ ಸೀರಂ ಕೂಡ ಬೇಕು.

ಓದಲು ಇದು ಮೊದಲಿನದಕ್ಕಿಂತ ಎಷ್ಟೋ ಸಲೀಸು. ನಮ್ಮ ಆಶಾ ಕಾರ್ಯಕರ್ತೆ ನೋಡಿ, 'ನನಗೆ ಇದೇ ಇರ್ಲಿ' ಅಂತ ಒಂದು ಪ್ರತಿ ತೆಗೆದುಕೊಂಡು ಹೋದರು. ಗಾಯ ನೋಡಿ ದರ್ಜೆ ಹೇಳಬಲ್ಲವರಿಗೆ ಈ ರೀತಿಯೇ ಸರಿ ಅಂತ ನನಗೂ ಅನ್ನಿಸುತ್ತದೆ.

ಆದರೆ ಮನೆಯವರ ಕೈಯಲ್ಲಿ ಇದು ಸೋತಿತು. ಮೂರರಲ್ಲಿ ಯಾವ ಪಟ್ಟಿ ಓದಬೇಕು ಅಂತ ಮೊದಲು ಅವರೇ ತೀರ್ಮಾನ ಮಾಡಬೇಕಲ್ವಾ? ಹಾಗೆ ಆರಿಸುವಾಗ ಮನಸ್ಸು ಯಾವಾಗಲೂ ಹಗುರದ ಕಡೆಗೇ ವಾಲುತ್ತದೆ. 'ಸ್ವಲ್ಪ ರಕ್ತ ಬಂದಿತ್ತು, ಆಮೇಲೆ ನಿಂತಿತು, ಎರಡನೆಯದೇ ಇರಬೇಕು' ಅಂದರು ಒಬ್ಬರು. ಅದು ಮೂರನೆಯದು. ಮಗುವಿನ ಮಂಡಿಯಲ್ಲಿದ್ದ ತರಚು ಗಾಯವನ್ನು ಸಾಕಿದ ನಾಯಿ ನೆಕ್ಕಿದರೆ ಅದೂ ಮೂರನೆಯದೇ ಅಂದಾಗ ಯಾರೂ ನಂಬಲೇ ಇಲ್ಲ. 'ಕಚ್ಚೇ ಇಲ್ಲವಲ್ಲ' ಅನ್ನುತ್ತಾರೆ. ಒಂದು ಕಡೆ ಬರೀ ಪರಚು, ಇನ್ನೊಂದು ಕಡೆ ಆಳದ ಕಡಿತ ಇದ್ದರೆ ಜಾಸ್ತಿ ಆಗಿರುವ ಗಾಯವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಹೇಳಲು ನನ್ನ ಮೂರು ಪಟ್ಟಿಯಲ್ಲಿ ಎಲ್ಲೂ ಜಾಗವೇ ಇರಲಿಲ್ಲ.

ಆಗ ಚಾರ್ಟನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹರಡಿ ಕೂತೆ. ಪ್ರತಿ ಚೌಕದ ಪಕ್ಕ ಪೆನ್ಸಿಲ್‌ನಿಂದ 'ಮ' ಅಥವಾ 'ಆ' ಬರೆದೆ. ಮ ಅಂದರೆ ಮನೆಯವರು ಮಾಡುವ ಕೆಲಸ, ಆ ಅಂದರೆ ಆಸ್ಪತ್ರೆಯವರು ಮಾಡುವ ಕೆಲಸ. ಮೊದಲೇ ಮಾಡಬೇಕಿತ್ತು ಇದನ್ನು. ಕವಲು ಒಡೆಯುವ ಪ್ರಶ್ನೆಗಳೆಲ್ಲ ಆಸ್ಪತ್ರೆಯವರ ಪಾಲಿಗೇ ಬಂದವು. ದರ್ಜೆ ಯಾವುದು, ಸೀರಂ ಬೇಕಾ, ಲಸಿಕೆ ಚರ್ಮಕ್ಕೋ ಸ್ನಾಯುವಿಗೋ, ಎಲ್ಲಾ ಅವರದೇ. ಮನೆಯವರ ಪಾಲಿಗೆ ಉಳಿದದ್ದು ನೇರವಾದ ದಾರಿ, ಕವಲೇ ಇಲ್ಲ. ಡಾಕ್ಟರಿನ ಪ್ರಶ್ನೆಗೆ ಮನೆಯವರು ಉತ್ತರ ಹುಡುಕಬೇಕಿಲ್ಲ, ಉತ್ತರಕ್ಕೆ ಬೇಕಾದ ವಿಷಯವನ್ನು ಹೇಳಿದರೆ ಸಾಕು.

ಹಾಗೆ ಬಂದ ಮೂರನೇ ಪಟ್ಟಿ ಇದು:

1. ಈಗಲೇ ಗಾಯವನ್ನು ನಲ್ಲಿ ನೀರಿಗೆ ಹಿಡಿದು ಸೋಪು ಹಚ್ಚಿ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ.
2. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ.
3. ಇವತ್ತೇ ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿ ಆದರೂ ಹೋಗಿ. ಕಚ್ಚಿ ನಾಲ್ಕು ದಿನ ಆಗಿದ್ದರೂ ಹೋಗಿ.
4. ಅಲ್ಲಿ ಹೇಳಿ: ರಕ್ತ ಬಂದಿತ್ತಾ, ಎಷ್ಟು ಕಡೆ ಗಾಯ ಇದೆ, ಹಿಂದೆ ರೇಬೀಸ್ ಇಂಜೆಕ್ಷನ್ ಆಗಿದೆಯಾ. ಹಳೇ ಚೀಟಿ ಇದ್ದರೆ ತೋರಿಸಿ.
5. 'ಗಾಯಕ್ಕೆ ಹಾಕುವ ಸೀರಂ ಬೇಕಾ?' ಎಂದು ಕೇಳಿ. ಅಲ್ಲಿ ಇಲ್ಲ ಅಂದರೆ ಅವರು ಹೇಳುವ ಆಸ್ಪತ್ರೆಗೆ ಅವತ್ತೇ ಹೋಗಿ.
6. ಮುಂದಿನ ಇಂಜೆಕ್ಷನ್ ಯಾವ ವಾರ, ಯಾವ ತಾರೀಖು ಎಂದು ಈ ಹಾಳೆಯ ಹಿಂದೆ ಬರೆಸಿಕೊಳ್ಳಿ. ಒಂದನ್ನೂ ಬಿಡಬೇಡಿ.

ನಾಯಿಯ ಮೇಲೆ ಕಣ್ಣಿಡುವ ವಿಷಯಕ್ಕೆ ನಂಬರ್ ಕೊಡಲಿಲ್ಲ. ಕೆಳಗೆ ಗೆರೆ ಎಳೆದು ಬೇರೆಯಾಗಿ ಬರೆದೆ: 'ಇಂಜೆಕ್ಷನ್ ನಡೆಯುತ್ತಿರುವಾಗಲೇ, ಕಚ್ಚಿದ ನಾಯಿ ಅಥವಾ ಬೆಕ್ಕು ಕಣ್ಣಿಗೆ ಬೀಳುವಂತಿದ್ದರೆ 10 ದಿನ ನೋಡುತ್ತಿರಿ. ಸತ್ತರೆ, ಕಾಣೆಯಾದರೆ, ಚೆನ್ನಾಗಿದ್ದರೆ, ಏನಾದರೂ ಡಾಕ್ಟರಿಗೆ ಹೇಳಿ. ಇಂಜೆಕ್ಷನ್ ನಿಲ್ಲಿಸುವುದನ್ನು ನೀವೇ ತೀರ್ಮಾನ ಮಾಡಬೇಡಿ.' ಇದನ್ನು ಓದಿದ ಯಾರೂ 'ಹತ್ತು ದಿನ ಕಾಯ್ತೀವಿ' ಅನ್ನಲಿಲ್ಲ. ಒಟ್ಟಿಗೆ ನಡೆಯುವ ಕೆಲಸಕ್ಕೆ ನಂಬರ್ ಹಾಕಬಾರದು ಅನ್ನುವುದನ್ನು ನಾನು ಕಲಿತದ್ದು ಹೀಗೆ.

ಆರನೇ ಸಾಲನ್ನು ಮಾತ್ರ ಎರಡು ಸಲ ತಿದ್ದಬೇಕಾಯಿತು. ಚಾರ್ಟಿನಲ್ಲಿ ಚರ್ಮದಲ್ಲಿ ಕೊಡುವ ಲಸಿಕೆಗೆ '0, 3, 7, 28ನೇ ದಿನ' ಎಂದಿದೆ. ಸ್ನಾಯುವಿಗೆ ಕೊಡುವುದಾದರೆ ನಡುವೆ 14 ಕೂಡ ಸೇರುತ್ತದೆ. ನಾನು ಅದನ್ನೇ ನಕಲು ಮಾಡಿದ್ದೆ. ಸೊನ್ನೇ ದಿನ ಅನ್ನುವುದು ನಮ್ಮ ಎಣಿಕೆಯಲ್ಲಿ ಎಲ್ಲಿದೆ ಹೇಳಿ? ತಿಥಿ ಆಗಲಿ, ಬಾಣಂತಿಯ ದಿನಗಳಾಗಲಿ, ನಾವು ಎಣಿಸುವುದು ಒಂದರಿಂದ. ಮಂಗಳವಾರ ಸಂಜೆ ಹುಡುಗನಿಗೆ ಕಚ್ಚಿತು, ಬುಧವಾರ ಬೆಳಗ್ಗೆ ಮೊದಲ ಇಂಜೆಕ್ಷನ್ ಆಯಿತು ಅಂದುಕೊಳ್ಳಿ. ಮೂರನೇ ದಿನ ಯಾವುದು ಅಂತ ಕೇಳಿದರೆ ಒಬ್ಬರು ಗುರುವಾರ ಅಂದರು, ಕಚ್ಚಿದ ದಿನವನ್ನೂ ಸೇರಿಸಿ. ಇನ್ನೊಬ್ಬರು ಶುಕ್ರವಾರ ಅಂದರು. ಸರಿಯಾದದ್ದು ಶನಿವಾರ. ಎಣಿಕೆ ಶುರುವಾಗುವುದು ಕಚ್ಚಿದ ದಿನದಿಂದ ಅಲ್ಲ, ಮೊದಲ ಇಂಜೆಕ್ಷನ್ ಬಿದ್ದ ದಿನದಿಂದ. ಆ ದಿನವೇ ಸೊನ್ನೆ.

ವಾರದ ಹೆಸರಲ್ಲಿ ಬರೆದರೆ ಈ ತಲೆನೋವೇ ಇಲ್ಲ. ಬುಧವಾರ ಶುರುವಾದರೆ ಮೊದಲು ಬರುವ ಶನಿವಾರ, ಆಮೇಲಿನ ಬುಧವಾರ, ಕೊನೆಯದು ಶುರುವಾಗಿ ನಾಲ್ಕು ವಾರ ತುಂಬುವ ಬುಧವಾರ. 7, 14, 28 ಎಲ್ಲವೂ ಏಳರ ಮಗ್ಗಿ, ಹಾಗಾಗಿ ಮೊದಲ ಇಂಜೆಕ್ಷನ್ ಬಿದ್ದ ವಾರಕ್ಕೇ ಬರುತ್ತವೆ. ಒಂದು ಮಾತ್ರ ಬೇರೆ ವಾರ. ಇದನ್ನು ಹೇಳಿಕೊಟ್ಟರೆ ಅಕ್ಷರ ಬಾರದವರೂ ನೆನಪಿಟ್ಟುಕೊಳ್ಳುತ್ತಾರೆ. ಗುರುವಾರ ಶುರುವಾದವರಿಗೆ ಎರಡನೆಯದು ಭಾನುವಾರ ಬೀಳುತ್ತದೆ. ಅಂಥವರು ಮೊದಲ ದಿನವೇ 'ಭಾನುವಾರ ಎಲ್ಲಿ ಹಾಕ್ತಾರೆ?' ಅಂತ ಕೇಳಿಕೊಂಡೇ ಬರಬೇಕು.

ಮೂರನೇ ಪಟ್ಟಿಯಲ್ಲಿ ಕಳೆದುಹೋದದ್ದೂ ಇದೆ. ಹಿಂದೆ ಪೂರ್ತಿ ಕೋರ್ಸ್ ಆದವರಿಗೆ 0 ಮತ್ತು 3ನೇ ದಿನದ ಎರಡೇ ಇಂಜೆಕ್ಷನ್ ಸಾಕು, ಸೀರಂ ಬೇಡ. ಸೀರಂ ಮೊದಲ ದಿನ ಸಿಗದಿದ್ದರೆ, ಮೊದಲ ಲಸಿಕೆ ಬಿದ್ದ ಮೇಲೆ ಏಳು ದಿನದವರೆಗೂ ಹಾಕಬಹುದು. ಇವೆರಡೂ ಚಾರ್ಟಿನಲ್ಲಿವೆ, ನನ್ನ ಹಾಳೆಯಲ್ಲಿಲ್ಲ. ಬೇಕೆಂದೇ ಬಿಟ್ಟೆ. ಎರಡೇ ಸಾಕು ಅಂತ ಬರೆದರೆ ಅರ್ಧ ಕೋರ್ಸ್ ಮಾಡಿ ನಿಲ್ಲಿಸಿದವರೂ ಅದನ್ನೇ ಹಿಡಿಯುತ್ತಾರೆ. ಏಳು ದಿನ ಟೈಮ್ ಇದೆ ಅಂತ ಬರೆದರೆ ಆರು ದಿನ ಸುಮ್ನೆ ಕೂರುತ್ತಾರೆ. ಆಸ್ಪತ್ರೆಯಲ್ಲಿ ಈ ವಿಷಯ ಎತ್ತಲು ನಾಲ್ಕು ಮತ್ತು ಐದನೇ ಸಾಲು ಇವೆ.

ಬೇಕೆಂದು ಬಿಟ್ಟದ್ದು ಬೇರೆ, ಮರೆತು ಬಿಟ್ಟದ್ದು ಬೇರೆ. ಅದನ್ನು ಗೊತ್ತುಮಾಡಿಕೊಳ್ಳಲು ಉಲ್ಟಾ ಕೆಲಸ ಮಾಡಿದೆ. ಚಾರ್ಟ್ ಮುಚ್ಚಿಟ್ಟು, ಬರೀ ಪಟ್ಟಿ ನೋಡಿಕೊಂಡು ಚೌಕ, ಬಾಣಗಳನ್ನು ಮತ್ತೆ ಬಿಡಿಸಿದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದಕ್ಕೂ ಟಿಕ್ ಹಾಕಿದೆ. ನೆಕ್ಕಿದ ವಿಷಯ ನನ್ನ ಹಾಳೆಯಲ್ಲಿ ಎಲ್ಲೂ ಇಲ್ಲ ಅಂತ ಗೊತ್ತಾದದ್ದು ಆಗಲೇ. ತಲೆಬರಹದಲ್ಲಿ 'ನಾಯಿ ಕಚ್ಚಿದರೆ' ಎಂದಷ್ಟೇ ಇತ್ತು. ಅದನ್ನು 'ನಾಯಿ, ಬೆಕ್ಕು, ಕೋತಿ ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ' ಎಂದು ತಿದ್ದಿದೆ.

ಈಗ ಗೋಡೆಯ ಮೇಲೆ ಆ ಹಾಳೆ ಇದೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮೂರು ದರ್ಜೆಯ ಪಟ್ಟಿ ಇದೆ. ಚಾರ್ಟನ್ನು ಮಡಚಿ ಬೀರುವಿನಲ್ಲಿ ಇಟ್ಟಿದ್ದೇನೆ, ನಿಯಮ ಬದಲಾದರೆ ಹೋಲಿಸಿ ನೋಡಲು ಬೇಕಾಗುತ್ತದೆ. ಬಾಗಿಲ ಹತ್ತಿರ ದಾರ ಕಟ್ಟಿ ಪ್ರತಿಗಳನ್ನು ತೂಗುಹಾಕಿದ್ದೇನೆ, ಬೇಕಾದವರು ಹರಿದುಕೊಂಡು ಹೋಗಲಿ ಅಂತ. ಒಂದೊಂದರ ಹಿಂದೆಯೂ ವಾರ, ತಾರೀಖು ಬರೆಸಲು ಐದು ಖಾಲಿ ಗೆರೆ ಎಳೆದಿದೆ.